ಎಂಟ್ಯಾಂಗಲ್ಡ್ ಜೋಡಿಲಿ ಒಂದನ್ನ ಮಾತ್ರ ನೋಡಿದ್ರೆ ಬರೀ ಗಲಿಬಿಲಿ ಯಾಕೆ ಕಾಣತ್ತೆ: ಪಾರ್ಷಿಯಲ್ ಟ್ರೇಸ್ ಕಥೆ

ಕ್ವಾಂಟಮ್ ಕಲಿಯೋಕೆ ಶುರು ಮಾಡಿದವರೆಲ್ಲ ಒಂದಲ್ಲ ಒಂದು ದಿನ ಕೇಳೋ ಪ್ರಶ್ನೆ ಇದು, ನಾನೂ ಕೇಳಿದ್ದೆ, ಮತ್ತೆ ಸರಿಯಾದ ಉತ್ತರ ತಲೆಗೆ ಹೋಗೋಕೆ ತುಂಬ ದಿನ ಹಿಡೀತು. ಎರಡು ಫೋಟಾನ್ ಇದಾವೆ, ಸ್ಟೇಟ್ ಹೀಗಿದೆ:

```
|Φ+⟩ = ( |00⟩ + |11⟩ ) / √2
```

ಇಲ್ಲಿ 0 ಅಂದ್ರೆ ಅಡ್ಡ ಪೋಲರೈಸೇಶನ್, 1 ಅಂದ್ರೆ ನೆಟ್ಟಗಿನ ಪೋಲರೈಸೇಶನ್. ಎಡಗಡೆ ಅಂಕಿ ಎಡಗಡೆ ಹೋದ ಫೋಟಾನಿಂದು, ಬಲಗಡೆ ಅಂಕಿ ಬಲಗಡೆ ಹೋದದ್ದು. ಈಗ ಬಲಗಡೆ ಫೋಟಾನ್ ನಮಗೆ ಬೇಡ, ಅದು ಎಲ್ಲೋ ಹೋಯ್ತು, ಎಡಗಡೆದು ಮಾತ್ರ ನಮ್ಮ ಕೈಲಿದೆ ಅಂದ್ಕೊಳ್ಳಿ. ಅದರ ಸ್ಟೇಟ್ ಏನು? ಥಟ್ಟಂತ ಬರೋ ಉತ್ತರ ಏನಂದ್ರೆ ಬಲಗಡೆ ಅಂಕಿ ಅಳಿಸಿಬಿಡೋದು, ಅಳಿಸಿದ್ರೆ `( |0⟩ + |1⟩ ) / √2` ಉಳಿಯತ್ತೆ, ಅಂದ್ರೆ 45 ಡಿಗ್ರಿ ಪೋಲರೈಸ್ ಆಗಿರೋ ಫೋಟಾನ್, ಪುಸ್ತಕಗಳಲ್ಲಿ `|+⟩` ಅಂತ ಬರೀತಾರಲ್ಲ ಅದೇ. ನೋಡೋಕೆ ಎಷ್ಟು ಸಲೀಸಾಗಿದೆ, ಆದ್ರೆ ಪೂರ್ತಿ ತಪ್ಪು. ಈ ತಪ್ಪು ಎಲ್ಲಿ ಆಯ್ತು ಅನ್ನೋದನ್ನ ಸರಿಯಾಗಿ ಹಿಡಿದ್ರೆ ಪಾರ್ಷಿಯಲ್ ಟ್ರೇಸ್ ಅನ್ನೋದು ತಾನಾಗೇ ಕೈಗೆ ಬರತ್ತೆ, ಅದಕ್ಕೇ ಅಲ್ಲಿಂದಾನೇ ಶುರು ಮಾಡ್ತೀನಿ.

ಮೊದಲು ತಪ್ಪು ಅಂತ ಗೊತ್ತಾಗೋದು ಹೇಗೆ ನೋಡೋಣ. ಎಡಗಡೆ ಫೋಟಾನ್ ದಾರೀಲಿ ಒಂದು ಪೋಲರೈಸರ್ ಇಟ್ಟು ಅದರ ಹಿಂದೆ ಡಿಟೆಕ್ಟರ್ ಇಡಿ. ನಷ್ಟ ಏನೂ ಇಲ್ಲ, ಎಲ್ಲಾ ಸಲಕರಣೆ ಸರಿಯಾಗಿದೆ ಅಂತ ಇಟ್ಕೊಂಡು 1000 ಫೋಟಾನ್ ಬಿಡಿ. ಫೋಟಾನ್ ನಿಜವಾಗ್ಲೂ `|+⟩` ಆಗಿದ್ರೆ, ಪೋಲರೈಸರನ್ನ 45 ಡಿಗ್ರಿಗೆ ತಿರುಗಿಸಿದಾಗ 1000ಕ್ಕೆ 1000 ದಾಟಬೇಕು, 135 ಡಿಗ್ರಿಗೆ ತಿರುಗಿಸಿದ್ರೆ ಒಂದೂ ದಾಟಬಾರದು. ಎಂಟ್ಯಾಂಗಲ್ಡ್ ಜೋಡಿಯ ಎಡಗಡೆ ಫೋಟಾನ್ ಹಾಗೆ ಮಾಡಲ್ಲ. 45ರಲ್ಲೂ ಸುಮಾರು 500, 135ರಲ್ಲೂ ಸುಮಾರು 500, ಸೊನ್ನೆ ಡಿಗ್ರೀಲೂ 500, 90ರಲ್ಲೂ 500, ಮಧ್ಯೆ 17 ಡಿಗ್ರಿಗೆ ಇಟ್ರೂ 500. ಪೋಲರೈಸರ್ ಹೇಗೇ ತಿರುಗಿಸಿ, ಎಣಿಕೆ ಅಲ್ಲಾಡಲ್ಲ. ಬಲ್ಬಿನ ಬೆಳಕು ಪೋಲರೈಸರ್ ಮುಂದೆ ಹೇಗಿರತ್ತೋ ಥೇಟ್ ಹಾಗೆ.

ಈಗ 45 ಡಿಗ್ರಿ ಎಣಿಕೆನ ಕೈಯಾರೆ ಲೆಕ್ಕ ಹಾಕೋಣ. ನಮಗೆ ಬೇಕಿರೋದು ಎಡಗಡೆ ಫೋಟಾನ್ ದಾಟೋ ಪ್ರಾಬಬಿಲಿಟಿ. ಬಲಗಡೆದು ಏನಾಗಿರಬಹುದು? ಅಡ್ಡ ಇರಬಹುದು, ನೆಟ್ಟಗಿರಬಹುದು. ಹಾಗಾಗಿ ಎರಡು ದಾರಿ. ಎಡಗಡೆದು ದಾಟಿ ಬಲಗಡೆದು 0 ಆಗಿರೋದಕ್ಕೆ ಆಂಪ್ಲಿಟ್ಯೂಡ್ `1/√2 × 1/√2 = 1/2`. ಎಡಗಡೆದು ದಾಟಿ ಬಲಗಡೆದು 1 ಆಗಿರೋದಕ್ಕೂ ಅಷ್ಟೇ, `1/2`. ಮುಂದಿನ ಹೆಜ್ಜೇಲೇ ಎಲ್ಲಾ ಇರೋದು. ಆಂಪ್ಲಿಟ್ಯೂಡ್‌ಗಳನ್ನ ಕೂಡಿಸಿ ಆಮೇಲೆ ವರ್ಗ ಮಾಡಿದ್ರೆ `(1/2 + 1/2)² = 1` ಬರತ್ತೆ, ಅಂದ್ರೆ 1000ಕ್ಕೆ 1000, ಅದೇ `|+⟩` ಉತ್ತರ. ಮೊದಲು ಒಂದೊಂದನ್ನೂ ವರ್ಗ ಮಾಡಿ ಆಮೇಲೆ ಕೂಡಿಸಿದ್ರೆ `1/4 + 1/4 = 1/2`, ಅಂದ್ರೆ 500.

ಯಾವುದು ಸರಿ? ಎರಡು ದಾರಿಗಳ ಆಂಪ್ಲಿಟ್ಯೂಡ್ ಕೂಡಿಸಬಹುದಾದ್ದು ಕೊನೇಲಿ ಎರಡೂ ಒಂದೇ ಸ್ಥಿತಿಗೆ ಬಂದು ನಿಂತಾಗ ಮಾತ್ರ. ಇಲ್ಲಿ ಹಾಗಿಲ್ಲ. ಒಂದು ದಾರೀಲಿ ಬಲಗಡೆ ಫೋಟಾನ್ ಅಡ್ಡ ಇದೆ, ಇನ್ನೊಂದರಲ್ಲಿ ನೆಟ್ಟಗಿದೆ, ಅವೆರಡು ಬೇರೆ ಬೇರೆ ಸ್ಥಿತಿ, ನಾವು ನೋಡ್ಲಿ ಬಿಡ್ಲಿ. "ನಾನು ಬಲಗಡೆದನ್ನ ನೋಡ್ತಾನೇ ಇಲ್ಲವಲ್ಲ" ಅಂದ್ರೆ ಅದಕ್ಕೇನೂ ಸಂಬಂಧ ಇಲ್ಲ. ಗುರುತು ಎಲ್ಲೋ ಉಳಿದಿದೆ, ಅಷ್ಟು ಸಾಕು. ಆದ್ದರಿಂದ ಪ್ರಾಬಬಿಲಿಟಿಗಳನ್ನೇ ಕೂಡಿಸಬೇಕು, ಉತ್ತರ 500.

ಪಾರ್ಷಿಯಲ್ ಟ್ರೇಸ್ ಮಾಡೋದು ಇಷ್ಟೇ: ನಮಗೆ ಬೇಡದ ಕಡೆಯ ಎಲ್ಲಾ ಸಾಧ್ಯತೆಗಳ ಮೇಲೆ ಪ್ರಾಬಬಿಲಿಟಿ ಲೆವೆಲ್ಲಲ್ಲಿ ಕೂಡಿಸೋದು. ಹೆಸರು ದೊಡ್ಡದಿದೆ, ಕೆಲಸ ಇದು. ಆದ್ರೆ ಪ್ರತಿ ಕೋನಕ್ಕೂ ಹೀಗೆ ಕೂತು ಲೆಕ್ಕ ಹಾಕೋಕಾಗಲ್ಲ, ಎಡಗಡೆಗೆ ಅಂತಾನೇ ಒಂದು ವಸ್ತು ಬೇಕು, ಅದೊಂದನ್ನ ಹಿಡ್ಕೊಂಡು ಎಡಗಡೆ ಏನೇ ಅಳತೆ ಮಾಡಿದ್ರೂ ಸರಿಯಾದ ಪ್ರಾಬಬಿಲಿಟಿ ಬರಬೇಕು. ಆ ವಸ್ತು `|+⟩` ಥರದ ಒಂದು ಕೆಟ್ ಆಗೋಕೆ ಸಾಧ್ಯ ಇಲ್ಲ, ಯಾಕಂದ್ರೆ ಯಾವ ಕೆಟ್ ತಗೊಂಡ್ರೂ ಯಾವುದೋ ಒಂದು ಅಳತೇಲಿ 1000ಕ್ಕೆ 1000 ಉತ್ತರ ಕೊಡಲೇಬೇಕು, ನಮ್ಮ ಫೋಟಾನ್ ಯಾವುದರಲ್ಲೂ ಕೊಡಲ್ಲ. ಅದಕ್ಕೇ ಡೆನ್ಸಿಟಿ ಮ್ಯಾಟ್ರಿಕ್ಸ್ ಬೇಕಾಗೋದು. ಲೆವ್ ಲ್ಯಾಂಡೌ ಮತ್ತೆ ಜಾನ್ ವಾನ್ ನಾಯ್ಮನ್ ಇಬ್ರೂ 1927ರಲ್ಲಿ ಬೇರೆ ಬೇರೆಯಾಗಿ ಇದಕ್ಕೆ ಬಂದ್ರು, ಅದರಲ್ಲಿ ಲ್ಯಾಂಡೌ ಬಂದಿದ್ದು ನಮ್ಮ ಪ್ರಶ್ನೆಯಿಂದಾನೇ, ದೊಡ್ಡದೊಂದು ವ್ಯವಸ್ಥೆಯ ಒಂದು ಭಾಗ ಮಾತ್ರ ನಮಗೆ ಬೇಕಾದಾಗ ಏನು ಬರೀಬೇಕು ಅಂತ.

ಸರಿ, ಮ್ಯಾಟ್ರಿಕ್ಸ್ ಬರೆಯೋಣ. ಇಡೀ ಜೋಡಿಗೆ `ρ = |Φ+⟩⟨Φ+|`, ಸಾಲು ಮತ್ತೆ ಕಾಲಂಗಳ ಕ್ರಮ 00, 01, 10, 11:

```
 1/2   0  |   0   1/2
  0    0  |   0    0
 ---------+----------
  0    0  |   0    0
 1/2   0  |   0   1/2
```

ಮಧ್ಯದಲ್ಲಿ ಅಡ್ಡಗೆರೆ ಉದ್ದಗೆರೆ ಹಾಕಿ ನಾಲ್ಕು ಚೌಕ ಮಾಡಿದೀನಲ್ಲ, ಅದಕ್ಕೊಂದು ಅರ್ಥ ಇದೆ. ಯಾವ ಚೌಕ ಅನ್ನೋದನ್ನ ಎಡಗಡೆ ಫೋಟಾನ್ ಹೇಳತ್ತೆ, ಚೌಕದ ಒಳಗೆ ಎಲ್ಲಿ ಅನ್ನೋದನ್ನ ಬಲಗಡೆದು ಹೇಳತ್ತೆ. ಬಲಗಡೆದನ್ನ ಟ್ರೇಸ್ ಮಾಡಿ ತೆಗಿಯೋದು ಅಂದ್ರೆ ಒಂದೊಂದು ಚೌಕದ ಬದಲಿಗೂ ಆ ಚೌಕದ ಟ್ರೇಸ್ ಬರೆಯೋದು, ಅಂದ್ರೆ ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಗೆ ಹೋಗೋ ಡಯಾಗನಲ್‌ನ ಮೊತ್ತ. ಮೇಲೆ ಎಡಕ್ಕಿರೋ ಚೌಕದಲ್ಲಿ `1/2 + 0`, ಅಂದ್ರೆ ಅರ್ಧ. ಕೆಳಗೆ ಬಲಕ್ಕಿರೋದರಲ್ಲಿ `0 + 1/2`, ಅದೂ ಅರ್ಧ. ಈಗ ಮೇಲೆ ಬಲಕ್ಕಿರೋ ಚೌಕ ಹತ್ತಿರದಿಂದ ನೋಡಿ. ಅದರೊಳಗೆ ಒಂದು `1/2` ಇದೆ, ಆದ್ರೆ ಅದು ಚೌಕದ ಮೇಲಿನ ಬಲ ಮೂಲೇಲಿ ಕೂತಿದೆ, ಡಯಾಗನಲ್ ಮೇಲೆ ಇಲ್ಲ. ಹಾಗಾಗಿ ಲೆಕ್ಕಕ್ಕೆ ಬರಲ್ಲ, ಟ್ರೇಸ್ ಸೊನ್ನೆ. ಕೆಳಗೆ ಎಡಕ್ಕಿರೋದೂ ಹಾಗೇ.

```
ρ_A =  1/2   0
        0   1/2     = I/2
```

ಇದನ್ನೇ ಮ್ಯಾಕ್ಸಿಮಲಿ ಮಿಕ್ಸ್ಡ್ ಅನ್ನೋದು. ಪಕ್ಕದಲ್ಲಿ `|+⟩`ನ ಮ್ಯಾಟ್ರಿಕ್ಸ್ ಇಟ್ಟು ನೋಡಿದ್ರೆ ಅದರಲ್ಲಿ ನಾಲ್ಕೂ ಜಾಗದಲ್ಲಿ `1/2` ಇರತ್ತೆ. ಡಯಾಗನಲ್ ಎರಡಕ್ಕೂ ಒಂದೇ, ಅದಕ್ಕೇ ಸೊನ್ನೆ ಮತ್ತೆ 90 ಡಿಗ್ರೀಲಿ ಎರಡೂ 500 ಕೊಡೋದು, ಅಲ್ಲಿ ನಿಂತು ನೋಡಿದ್ರೆ ವ್ಯತ್ಯಾಸಾನೇ ಗೊತ್ತಾಗಲ್ಲ. 45 ಡಿಗ್ರೀಲಿ ಏನಾಗತ್ತೆ ಅನ್ನೋದನ್ನ ತೀರ್ಮಾನ ಮಾಡೋದು ಆಫ್-ಡಯಾಗನಲ್ ಅಂಕಿ. 45 ಡಿಗ್ರಿ ದಾಟೋ ಪ್ರಾಬಬಿಲಿಟಿ ಅಂದ್ರೆ ಅರ್ಧ ಮತ್ತೆ ಆಫ್-ಡಯಾಗನಲ್ ಅಂಕಿ ಎರಡನ್ನೂ ಕೂಡಿಸಿದ್ದು (ನಮ್ಮ ಇಲ್ಲಿನ ಉದಾಹರಣೆಗಳಲ್ಲಿ ಅದು ರಿಯಲ್ ನಂಬರ್, ಡಯಾಗನಲ್ ಅರ್ಧ ಅರ್ಧ, ಅದಕ್ಕೇ ಇಷ್ಟು ಸರಳ). `|+⟩`ಗೆ ಅರ್ಧ ಪ್ಲಸ್ ಅರ್ಧ, ಒಂದು. ನಮ್ಮದಕ್ಕೆ ಅರ್ಧ ಪ್ಲಸ್ ಸೊನ್ನೆ, ಅರ್ಧ. ಮತ್ತೆ `I/2` ಅನ್ನೋದು ಯಾವ ಬೇಸಿಸ್‌ಗೆ ತಿರುಗಿಸಿ ಬರೆದ್ರೂ `I/2` ಆಗೇ ಇರತ್ತೆ, ಆದ್ದರಿಂದ ಪೋಲರೈಸರ್ ಯಾವ ಕೋನಕ್ಕೆ ತಿರುಗಿಸಿದ್ರೂ 500.

ಇಲ್ಲಿ ಪೋಲರೈಸೇಶನ್ ಗೊತ್ತಿರೋರಿಗೆ ಒಂದು ಮಾತು. ಪ್ವಾಂಕರೆ ಗೋಳ ಅಂತ ಬೆಳಕಿನವರು ಹೇಳೋದು, ಬ್ಲಾಕ್ ಸ್ಫಿಯರ್ ಅಂತ ಕ್ವಾಂಟಮ್‌ನವರು ಹೇಳೋದು, ಎರಡೂ ಒಂದೇ ಗೋಳ. ಬೆಂಗಳೂರಿನ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಸ್. ಪಂಚರತ್ನಂ ಅವರು 1956ರಲ್ಲಿ ಬೆಳಕಿನ ಕಿರಣಗಳ ಇಂಟರ್‌ಫರೆನ್ಸ್ ಬಗ್ಗೆ ಬರೆದ ಪ್ರಖ್ಯಾತ ಕೆಲಸ ಈ ಗೋಳದ ಮೇಲೇ ನಡೆದಿದ್ದು. ಪೂರ್ತಿ ಪೋಲರೈಸ್ ಆದ ಬೆಳಕು ಗೋಳದ ಮೇಲ್ಮೈ ಮೇಲೆ ಕೂರತ್ತೆ, ಪೋಲರೈಸೇಶನ್ನೇ ಇಲ್ಲದ ಬೆಳಕು ಸರಿಯಾಗಿ ನಡುಮಧ್ಯದ ಬಿಂದೂಲಿ. ನಮ್ಮ `I/2` ಇರೋದು ಆ ನಡುಮಧ್ಯದಲ್ಲೇ, ಅಲ್ಲಿಂದ ಯಾವ ದಿಕ್ಕೂ ಹತ್ತಿರ ಅಲ್ಲ, ಯಾವ ದಿಕ್ಕೂ ದೂರ ಅಲ್ಲ.

ಈಗ ನನಗೆ ಬಹಳ ಮುಖ್ಯ ಅನ್ಸೋ ಭಾಗ. ಆಫ್-ಡಯಾಗನಲ್ ಸೊನ್ನೆ ಆಗಿದ್ದು ಯಾಕೆ? ಚೌಕದಲ್ಲಿ ತಪ್ಪು ಮೂಲೇಲಿ ಕೂತಿತ್ತು ಅನ್ನೋದು ಲೆಕ್ಕದ ಉತ್ತರ, ಭೌತಶಾಸ್ತ್ರದ ಉತ್ತರ ಬೇರೆ ಇದೆ. ಸ್ಟೇಟನ್ನ ಸ್ವಲ್ಪ ಸಡಿಲ ಮಾಡಿ ಬರೆಯೋಣ: ಎಡಗಡೆದು 0 ಆದಾಗ ಬಲಗಡೆದು `|e0⟩`, ಎಡಗಡೆದು 1 ಆದಾಗ ಬಲಗಡೆದು `|e1⟩`, ಇವೆರಡು ಏನು ಬೇಕಾದ್ರೂ ಇರಲಿ.

```
|ψ⟩ = ( |0⟩|e0⟩ + |1⟩|e1⟩ ) / √2

ρ_A ಆಫ್-ಡಯಾಗನಲ್ = ⟨e1|e0⟩ / 2
```

ಅಂದ್ರೆ ಎಡಗಡೆ ಫೋಟಾನಿನ ಆಫ್-ಡಯಾಗನಲ್ ಅಂಕಿನ ತೀರ್ಮಾನ ಮಾಡೋದು ಬಲಗಡೆಯ ಎರಡು ಸ್ಟೇಟ್‌ಗಳು ಒಂದಕ್ಕೊಂದು ಎಷ್ಟು ಹೋಲ್ತಾವೆ ಅನ್ನೋದು. ಎರಡೂ ಒಂದೇ ಆಗಿದ್ರೆ ಓವರ್‌ಲ್ಯಾಪ್ 1, ಬಲಗಡೆ ಯಾವ ಗುರುತೂ ಇಲ್ಲ, ಎಂಟ್ಯಾಂಗಲ್‌ಮೆಂಟೂ ಇಲ್ಲ, ಎಡಗಡೆದು ನಿಜವಾಗ್ಲೂ `|+⟩`, ಆಗ ಬಲಗಡೆದನ್ನ ಅಳಿಸೋ ಸಲೀಸು ದಾರೀನೂ ಸರಿ. ಎರಡರ ಮಧ್ಯೆ 60 ಡಿಗ್ರಿ ಕೋನ ಇದ್ರೆ ಓವರ್‌ಲ್ಯಾಪ್ `cos 60° = 0.5`, ಆಫ್-ಡಯಾಗನಲ್ 0.25, ಪೋಲರೈಸರ್ 45ರಲ್ಲಿಟ್ರೆ 750 ದಾಟತ್ತೆ, 135ರಲ್ಲಿಟ್ರೆ 250. ಎರಡೂ ಪೂರ್ತಿ ಬೇರೆ, 90 ಡಿಗ್ರಿ ಆದ್ರೆ ಓವರ್‌ಲ್ಯಾಪ್ ಸೊನ್ನೆ, 500 ಮತ್ತೆ 500. ಬಲಗಡೆದು ಎಡಗಡೆದರ ಬಗ್ಗೆ ಎಷ್ಟು ಖಚಿತವಾಗಿ ಸಾಕ್ಷಿ ಹೇಳಬಲ್ಲದೋ ಅಷ್ಟರ ಮಟ್ಟಿಗೆ ಎಡಗಡೆದರ ಇಂಟರ್‌ಫರೆನ್ಸ್ ಸಾಯತ್ತೆ. ನಮ್ಮ `|Φ+⟩`ನಲ್ಲಿ, ಅದನ್ನ ಬೆಲ್ ಸ್ಟೇಟ್ ಅಂತಾರೆ, ಸಾಕ್ಷಿ ಪೂರ್ತಿ ಇದೆ, ಎರಡು ಸಾಧ್ಯತೆಗಳ ತೂಕಾನೂ ಸಮ ಇದೆ, ಅದಕ್ಕೇ ನಡುಮಧ್ಯದ ಬಿಂದು. ತೂಕ ಸಮ ಇಲ್ಲದೆ `cosθ|00⟩ + sinθ|11⟩` ಆಗಿದ್ರೆ ಆಗಲೂ ಆಫ್-ಡಯಾಗನಲ್ ಸೊನ್ನೆನೇ, ಆದ್ರೆ ಡಯಾಗನಲ್‌ನಲ್ಲಿ `cos²θ` ಮತ್ತೆ `sin²θ` ಇರತ್ತೆ, ಮಿಕ್ಸ್ಡ್ ಹೌದು, ಮ್ಯಾಕ್ಸಿಮಲ್ ಅಲ್ಲ.

ಇಲ್ಲಿ ಒಂದು ಅನುಮಾನ ಬರಲೇಬೇಕು. ಸಾಕ್ಷಿ ಇರೋದು ಬಲಗಡೆ ಫೋಟಾನಲ್ಲಿ ತಾನೇ, ಆ ಕಡೆ ಇರೋರು ಅದನ್ನ ಬೇರೆ ಥರ ಅಳೆದ್ರೆ ಎಡಗಡೆ ಬದಲಾಗಲ್ವಾ? ಬಲಗಡೆಯವರು ಅಡ್ಡ-ನೆಟ್ಟಗೆ ಅಂತ ಅಳೆದ್ರೆ ಎಡಗಡೆ ಫೋಟಾನ್‌ಗಳಲ್ಲಿ ಅರ್ಧ ಅಡ್ಡ, ಅರ್ಧ ನೆಟ್ಟಗೆ ಆಗ್ತಾವೆ. ಅವರು 45 ಮತ್ತೆ 135 ಅಂತ ಅಳೆದ್ರೆ? ಅದೇ ಸ್ಟೇಟನ್ನ ಬಿಡಿಸಿ ಬರೆದ್ರೆ

```
|Φ+⟩ = ( |++⟩ + |−−⟩ ) / √2
```

ಅಂತ ಬರತ್ತೆ, ಬೇಕಿದ್ರೆ ಪೇಪರಲ್ಲಿ ಮಾಡಿ ನೋಡಿ, ಎರಡೇ ಸಾಲು, 01 ಮತ್ತೆ 10 ಒಂದನ್ನೊಂದು ಹೊಡ್ಕೊಂಡು ಹೋಗ್ತಾವೆ. ಆಗ ಎಡಗಡೆ ಅರ್ಧ ಫೋಟಾನ್ `|+⟩`, ಅರ್ಧ `|−⟩`. ಕೇಳೋಕೆ ಬೇರೆ ಬೇರೆ ಮಿಶ್ರಣ ಥರ ಇದೆ, ಆದ್ರೆ ಡೆನ್ಸಿಟಿ ಮ್ಯಾಟ್ರಿಕ್ಸ್ ಬರೀರಿ: `|+⟩` ಮತ್ತೆ `|−⟩`ನ ಆಫ್-ಡಯಾಗನಲ್‌ಗಳು ಪ್ಲಸ್ ಅರ್ಧ, ಮೈನಸ್ ಅರ್ಧ, ಸರಾಸರಿ ಸೊನ್ನೆ. ಮತ್ತೆ `I/2`. ಬಲಗಡೆ ಏನೇ ಅಳೀಲಿ, ತಿರುಗಿಸಲಿ, ಸುಟ್ಟೇ ಹಾಕಲಿ, ಆ ರಿಸಲ್ಟ್ ಎಡಗಡೆಯವರ ಕೈಗೆ ಬಾರದೆ ಇರೋವರೆಗೂ ಎಡಗಡೆ ಎಣಿಕೆ ಒಂದೂ ಕದಲಲ್ಲ. ಎಂಟ್ಯಾಂಗಲ್‌ಮೆಂಟ್ ಇಟ್ಕೊಂಡು ಬೆಳಕಿಗಿಂತ ಬೇಗ ಸಂದೇಶ ಕಳಿಸೋಕೆ ಆಗಲ್ಲ ಅಂತ ಎಲ್ಲಾ ಕಡೆ ಬರೀತಾರಲ್ಲ, ಅದರ ಲೆಕ್ಕ ಇಷ್ಟೇ ಇರೋದು. ನಾಲ್ಕು ಬೆಲ್ ಸ್ಟೇಟ್‌ಗಳಲ್ಲಿ ಯಾವುದು ಕೊಟ್ರೂ ಒಂದು ಕಡೆ `I/2`ನೇ ಸಿಗೋದು, ಆದ್ದರಿಂದ ನಿಮಗೆ ಸಿಕ್ಕಿರೋದು ನಾಲ್ಕರಲ್ಲಿ ಯಾವುದು ಅಂತಾನೂ ಒಂದೇ ಕಡೆ ಕೂತು ಹೇಳೋಕಾಗಲ್ಲ.

ಕಂಪ್ಯೂಟರಲ್ಲಿ ಮಾಡೋರಿಗೆ ಇದು ಮೂರು ನಾಲ್ಕು ಸಾಲಿನ ಕೆಲಸ:

```python
import numpy as np
psi = np.array([1, 0, 0, 1]) / np.sqrt(2)
rho = np.outer(psi, psi.conj()).reshape(2, 2, 2, 2)
print(np.einsum('abcb->ac', rho))   # A: ಎಡಗಡೆದು
print(np.einsum('abad->bd', rho))   # B: ಬಲಗಡೆದು
```

ಇಲ್ಲಿ ಜನ ಎಡವೋದು ಒಂದೇ ಕಡೆ, ಯಾವ ಕಡೆನ ಉಳಿಸ್ಕೊಂಡು ಯಾವುದನ್ನ ತೆಗೆದ್ವಿ ಅನ್ನೋದು ಅದಲು ಬದಲಾಗೋದು. ಬೆಲ್ ಸ್ಟೇಟ್ ಹಾಕಿ ಚೆಕ್ ಮಾಡಿದ್ರೆ ಈ ತಪ್ಪು ಯಾವತ್ತೂ ಸಿಗಲ್ಲ, ಎರಡೂ ಕಡೆ ಉತ್ತರ ಒಂದೇ ಅಲ್ವಾ. ಅದಕ್ಕೆ ಎಡಗಡೆ `|0⟩`, ಬಲಗಡೆ `|+⟩` ಇರೋ ಸ್ಟೇಟ್, ಅಂದ್ರೆ `[1, 1, 0, 0]/√2` ಹಾಕಿ ನೋಡಿ. ಮೊದಲನೇ ಪ್ರಿಂಟಲ್ಲಿ ಮೂಲೇಲಿ ಒಂದು 1 ಮಾತ್ರ ಬರಬೇಕು, ಎರಡನೇದರಲ್ಲಿ ನಾಲ್ಕೂ ಕಡೆ 0.5. ಕಿಸ್ಕಿಟ್ ಬಳಸೋರು ಇನ್ನೂ ಹುಷಾರಾಗಿರಬೇಕು, ಅಲ್ಲಿ `partial_trace(state, [1])`ನಲ್ಲಿ ಕೊಡೋ ನಂಬರ್ ತೆಗೆದುಹಾಕೋ ಕ್ಯೂಬಿಟ್‌ದು, ಉಳಿಯೋದರದ್ದಲ್ಲ, ಮತ್ತೆ ಸೊನ್ನೆ ನಂಬರಿನ ಕ್ಯೂಬಿಟ್ ಇರೋದು ಬಲತುದೀಲಿ.

ಇಷ್ಟು ಆದ ಮೇಲೆ ಒಂದು ದೊಡ್ಡ ಎಚ್ಚರಿಕೆ ಇದೆ. ಒಂದು ಕಡೆ `I/2` ಕಂಡ ತಕ್ಷಣ ಎಂಟ್ಯಾಂಗಲ್‌ಮೆಂಟ್ ಇದೆ ಅನ್ನೋಕಾಗಲ್ಲ. ಯಾರೋ ಒಬ್ರು ನಾಣ್ಯ ಚಿಮ್ಮಿ, ಹೆಡ್ ಬಿದ್ರೆ ಎರಡೂ ಕಡೆ ಅಡ್ಡ ಫೋಟಾನ್, ಟೇಲ್ ಬಿದ್ರೆ ಎರಡೂ ಕಡೆ ನೆಟ್ಟಗಿನ ಫೋಟಾನ್ ಕಳಿಸ್ತಾ ಇದಾರೆ ಅನ್ನಿ. ಆಗಲೂ ಎಡಗಡೆ `I/2`, ಎಲ್ಲಾ ಕೋನದಲ್ಲೂ 500. ಇಲ್ಲಿ ಗಲಿಬಿಲಿ ಇರೋದು ನಮಗೆ ನಾಣ್ಯದ ಫಲಿತಾಂಶ ಗೊತ್ತಿಲ್ಲದೆ ಇರೋದರಿಂದ. ಬೆಲ್ ಜೋಡೀಲಿ ಗೊತ್ತಿಲ್ಲದ್ದು ಏನೂ ಉಳಿದಿಲ್ಲ, ಇಡೀ ಜೋಡಿಯ ಸ್ಟೇಟ್ ಪೂರ್ತಿ ಗೊತ್ತು, ಆದ್ರೂ ಭಾಗದ ಬಗ್ಗೆ ಹೇಳೋಕೆ ಏನೂ ಇಲ್ಲ. ಶ್ರೋಡಿಂಗರ್ 1935ರಲ್ಲಿ ಎಂಟ್ಯಾಂಗಲ್‌ಮೆಂಟ್ ಅನ್ನೋ ಹೆಸರು ಕೊಟ್ಟಾಗ ಅವರನ್ನ ಕಾಡಿದ್ದು ಇದೇ. ಎಡಗಡೆ ಮ್ಯಾಟ್ರಿಕ್ಸ್ ಇಟ್ಕೊಂಡು ಎರಡನ್ನೂ ಬೇರೆ ಮಾಡೋಕೆ ದಾರೀನೇ ಇಲ್ಲ, ಎರಡೂ ಕಡೆಯ ಡಿಟೆಕ್ಟರ್‌ಗಳನ್ನ ಒಟ್ಟಿಗೆ ನೋಡಬೇಕು, ಯಾವ ಜೋಡಿ ಒಂದೇ ಕ್ಷಣಕ್ಕೆ ಕ್ಲಿಕ್ ಆಯ್ತು ಅಂತ, ಅದನ್ನೇ ಕೋಇನ್ಸಿಡೆನ್ಸ್ ಎಣಿಕೆ ಅಂತಾರೆ. ಎರಡೂ ಪೋಲರೈಸರ್ ಸೊನ್ನೆ ಡಿಗ್ರೀಲಿಟ್ರೆ ಬೆಲ್ ಜೋಡೀಗೂ ನಾಣ್ಯದ ಜೋಡೀಗೂ 1000ಕ್ಕೆ 500 ಜೋಡಿ ಒಟ್ಟಿಗೆ ದಾಟತ್ತೆ, ಏನೂ ಗೊತ್ತಾಗಲ್ಲ. ಎರಡನ್ನೂ 45ಕ್ಕೆ ತಿರುಗಿಸಿ. ಬೆಲ್ ಜೋಡಿ ಮತ್ತೆ 500 ಕೊಡತ್ತೆ, ನಾಣ್ಯದ ಜೋಡಿ 250ಕ್ಕೆ ಇಳಿಯತ್ತೆ. ಒಂದನ್ನ 45, ಇನ್ನೊಂದನ್ನ 135 ಮಾಡಿ, ಬೆಲ್ ಜೋಡಿ ಸೊನ್ನೆ, ನಾಣ್ಯದ್ದು ಮತ್ತೆ 250. ಪಾರ್ಷಿಯಲ್ ಟ್ರೇಸಲ್ಲಿ ಲೆಕ್ಕಕ್ಕೆ ಬರದೆ ಬಿಟ್ಟುಹೋದ ಮೂಲೆಯ ಆ `1/2` ಇತ್ತಲ್ಲ, ಅದು ಮಾತಾಡೋದು ಇಲ್ಲಿ.

ನಿಜವಾದ ಪ್ರಯೋಗದಲ್ಲಿ ಇದೇ ಕಷ್ಟ ಎದುರಾಗತ್ತೆ. 1995ರಲ್ಲಿ ಪಾಲ್ ಕ್ವಿಯಾಟ್, ಆಂಟನ್ ಜೈಲಿಂಗರ್ ಮತ್ತೆ ಜೊತೆಗಾರರು ಬಿಬಿಒ ಅನ್ನೋ ಹರಳಿಗೆ 351 ನ್ಯಾನೋಮೀಟರಿನ ಲೇಸರ್ ಬಿಟ್ಟು 702 ನ್ಯಾನೋಮೀಟರಿನ ಫೋಟಾನ್ ಜೋಡಿಗಳನ್ನ ಪಡೆದ್ರು, ದಾರೀಲಿ ಒಂದು ಹಾಫ್ ವೇವ್ ಪ್ಲೇಟ್ ಇಟ್ರೆ ನಮ್ಮ `|Φ+⟩` ಕೂಡ ಸಿಗತ್ತೆ. ಆದ್ರೆ ಆ ಹರಳಿನೊಳಗೆ ಅಡ್ಡ ಪೋಲರೈಸೇಶನ್‌ಗೂ ನೆಟ್ಟಗಿನದಕ್ಕೂ ವೇಗ ಒಂದೇ ಇರಲ್ಲ, ಒಂದು ಸ್ವಲ್ಪ ಮುಂಚೆ ಆಚೆ ಬರತ್ತೆ, ಒಂದು ತಡ. ಹಾಗಾಗಿ ಯಾವುದು ಮೊದಲು ಬಂತು ಅನ್ನೋದೇ ಮೂರನೇ ಸಾಕ್ಷಿ ಆಗಿಬಿಡತ್ತೆ, ಎರಡು ಫೋಟಾನೂ ನಮ್ಮ ಕೈಲಿದ್ರೂ ಸಮಯದ ಮೇಲೆ ನಾವು ಗೊತ್ತಿಲ್ಲದೇ ಪಾರ್ಷಿಯಲ್ ಟ್ರೇಸ್ ಮಾಡಿದ ಹಾಗಾಗತ್ತೆ, ಜೋಡಿಯ ಮ್ಯಾಟ್ರಿಕ್ಸಲ್ಲಿದ್ದ ಆ ಮೂಲೆಯ `1/2` ಕರಗತ್ತೆ, ಉಳಿಯೋದು ನಾಣ್ಯದ ಜೋಡಿ. ಅದಕ್ಕೇ ಎರಡೂ ದಾರೀಲಿ ಅದೇ ಜಾತಿಯ, ಅರ್ಧ ದಪ್ಪದ ಇನ್ನೊಂದೊಂದು ಹರಳು ಇಟ್ಟು ಸಮಯದ ಗುರುತು ಅಳಿಸ್ತಾರೆ. ಆ ಹರಳು ಸರಿಯಾಗಿ ಕೂತಿಲ್ಲ ಅಂದ್ರೆ ಒಂದೊಂದೇ ಡಿಟೆಕ್ಟರ್ ನೋಡ್ತಾ ಕೂತವರಿಗೆ ಏನೂ ತಿಳಿಯಲ್ಲ, ಅಲ್ಲಿ ಎಲ್ಲಾ ಕೋನದಲ್ಲೂ ಮೊದಲಿನ ಹಾಗೇ 500. ತಿಳಿಯೋದು ಎರಡೂ ಪೋಲರೈಸರ್ 45ರಲ್ಲಿಟ್ಟು ಕೋಇನ್ಸಿಡೆನ್ಸ್ ಎಣಿಸಿದಾಗ, 500 ಇರಬೇಕಾದ ಕಡೆ ಎಣಿಕೆ 250ರ ಕಡೆಗೆ ಜಾರ್ತಾ ಇರತ್ತೆ.